ಮೊದಲು ನೆಲೆ, ಆಮೇಲೆ ಅಳಲು

ಮಾಂಡ್ವಾದಿಂದ ಮುಂಬಯಿಗೆ ಮರಳುವಾಗ ನಮ್ಮ ಬಾಡಿಗೆ ದೋಣಿಯ ಎಂಜಿನ್ ನಿಂತಿತು. ತಾಂಡೇಲರು ಲಂಗರು ಇಳಿಸಿ, ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ಮೂರು ಸಲ ‘ಪ್ಯಾನ್-ಪ್ಯಾನ್’ ಎಂದರು. ‘ಮೇಡೇ’ ಎನ್ನಬಾರದೇಕೆ ಎಂದು ನಾವು ಕಂಗಾಲಾದೆವು.

“ನೀರು ನುಗ್ಗಿಲ್ಲ, ಲಂಗರು ಹಿಡಿದಿದೆ. ಇದು ತುರ್ತು ಮಾತ್ರ. ಲಂಗರು ಜಾರಿ ಬಂಡೆಯತ್ತ ಹೊರಟರೆ ಜೀವಕ್ಕೇ ಕುತ್ತು, ಆಗ ಮೇಡೇ,” ಎಂದರು.

ಎಲ್ಲ ಠಾಣೆಗಳನ್ನೂ ಕರೆದು, ದೋಣಿಯ ಹೆಸರನ್ನು ಮೂರು ಬಾರಿ ಹೇಳಿದರು. ಬಳಿಕ ನಾವಿದ್ದ ನೆಲೆ, ಆದದ್ದೇನು, ಬೇಕಾದ ನೆರವು, ಒಳಗಿರುವ ಜನರ ಸಂಖ್ಯೆ, ಕೊನೆಗೆ ‘ಓವರ್’.

ನಮ್ಮ ಕೈಗೆ ರೇಡಿಯೊ ಬಂದಿದ್ದರೆ ಅಳಲಿನಿಂದಲೇ ತೊಡಗುತ್ತಿದ್ದೆವು. ಅಷ್ಟರಲ್ಲಿ ಬ್ಯಾಟರಿ ಮುಗಿದರೆ ನಮ್ಮನ್ನು ಎಲ್ಲಿ ಹುಡುಕುವುದು? ನೆಲೆಯೊಂದು ತಿಳಿದಿದ್ದರೆ, ಉಳಿದದ್ದು ಕೇಳಿಸದಿದ್ದರೂ ಯಾರಾದರೂ ಬಂದಾರು.