ದೀಪವಿಲ್ಲದ ಊರು

ಕಂದಾಯ ಇಲಾಖೆಯ ಭಾಷೆಯಲ್ಲಿ ನನಗೆ ತುಂಬಾ ಕಾಡಿದ ಪದ ‘ಬೇಚರಾಕ್’. ಪಾರ್ಸಿಯ ಬೇ-ಚಿರಾಗ್ ನಮ್ಮ ಕಚೇರಿಗಳಲ್ಲಿ ಸವೆದು ಹೀಗಾಗಿದೆ. ಅರ್ಥ, ದೀಪವಿಲ್ಲದ್ದು. ಜನವಸತಿ ಇಲ್ಲದ ಗ್ರಾಮಕ್ಕೆ ದಾಖಲೆಯಲ್ಲಿ ಹೀಗೆ ಬರೀತಾರೆ. ಕಂದಾಯ ಗ್ರಾಮ ಅಂದ್ರೆ ಮನೆಗಳ ಗುಂಪಲ್ಲ. ಗಡಿ, ನಕ್ಷೆ, ಸರ್ವೆ ನಂಬರ್ ಇರುವ ಜಮೀನಿನ ಘಟಕ. ಹಾಗಾಗಿ ಜನ ಹೋದರೂ, ನೀರು ನಿಂತರೂ ಗ್ರಾಮ ತಾನಾಗಿ ಅಳಿಸಿಹೋಗುವುದಿಲ್ಲ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಪೂರ್ಣ ಮಟ್ಟ 1819 ಅಡಿ, ತುಂಬಿದಾಗ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೇ ಇದರೊಳಗೆ ಮುಳುಗಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಈಗಲೂ ಕಾಣಿಸುತ್ತೆ.

ಸರ್ವೇಯಿಂಗ್ ಕ್ಲಾಸಲ್ಲಿ ನಾವು ಕಾಂಟೂರ್ ಎಳೀತೀವಲ್ಲ, ಅಂಥದೇ ಒಂದು ಗೆರೆ ಮುಳುಗುವುದನ್ನೂ ಉಳಿಯುವುದನ್ನೂ ಬೇರೆ ಮಾಡುತ್ತೆ. ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆ, ಅಡಿಕೆ ತೋಟ 1810 ಅಡಿಯಲ್ಲಿ, ಸೊಪ್ಪಿನಬೆಟ್ಟ 1840ರಲ್ಲಿ. ತೋಟಕ್ಕೆ ಪಹಣಿ ಇದ್ದವರಿಗೆ ಪರಿಹಾರ ಸಿಗುತ್ತೆ. ಅದೇ ತೋಟದಲ್ಲಿ ದುಡಿಯುತ್ತಿದ್ದ ಗೇಣಿದಾರ ಭೂಮಾಲೀಕನಲ್ಲ. ಬೆಟ್ಟ ಮುಳುಗಿಲ್ಲ, ಆದರೆ ಬಯಲಿನ ಗದ್ದೆ ತೋಟ ಇಲ್ಲದ ಮೇಲೆ ಬೆಟ್ಟದ ಸೊಪ್ಪು ಯಾವುದಕ್ಕೆ?

ಇಲ್ಲಿಂದ ಹೊರಟವರಲ್ಲಿ ಅನೇಕರಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಕಡೆ ಕಾಡು ಬಿಟ್ಟುಕೊಟ್ಟು ಜಾಗ ತೋರಿಸಿದರು. ಜನ ಕಾಡು ಕಡಿದು ಮನೆ ಕಟ್ಟಿದರು, ತೋಟ ಮಾಡಿದರು. ಆದರೆ ತೋರಿಸಿದ ಜಾಗವನ್ನು ಅಳೆದು, ಅರಣ್ಯದಿಂದ ಕೈಬಿಟ್ಟು, ಪ್ರತಿ ಹಿಡುವಳಿಗೂ ಪೋಡಿ ಮಾಡಿ, ಕಂದಾಯ ದಾಖಲೆಗೆ ಸೇರಿಸುವ ಕೆಲಸ ಎಷ್ಟೋ ಕಡೆ ಪೂರ್ತಿಯಾಗಲಿಲ್ಲ. ಆಮೇಲೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅರಣ್ಯ ಜಮೀನನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಪೂರ್ವಾನುಮತಿ ಬೇಕಾಯಿತು. ಆ ಅನುಮತಿಯಿಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಸರ್ಕಾರವೇ ಕರೆತಂದು ಕೂರಿಸಿದವರ ಮೊಮ್ಮಕ್ಕಳು ಕಾಗದದಲ್ಲಿ ಒತ್ತುವರಿದಾರರು.

ಅಂದ್ರೆ ಮುಳುಗಿದ ಊರಿಗೆ ಗಡಿಯಿದೆ, ಸರ್ವೆ ನಂಬರಿದೆ, ಜನ ಇಲ್ಲ. ದೀಪ ಉರಿಯುತ್ತಿರುವ ಊರಲ್ಲಿ ಜನ ಇದ್ದಾರೆ, ಅವರ ಹೆಸರಿನ ಸರ್ವೆ ನಂಬರಿಲ್ಲ.

ಇದನ್ನು ಗುರುತಿಸೋಕೆ ಒಂದು ಪಹಣಿ ಸಾಕು. ನೂರಾರು ಎಕರೆಗೆ ಒಂದೇ ಸರ್ವೆ ನಂಬರ್, ಮಾಲೀಕರ ಕಾಲಂನಲ್ಲಿ ಅರಣ್ಯ ಅಂತ ಇದ್ದು, ಸ್ಥಳದಲ್ಲಿ ಫಲ ಕೊಡುವ ಅಡಿಕೆ ಮರಗಳಿದ್ದರೆ ಕಥೆ ಬಹುಶಃ ಇದೇ. ಆ ಪಹಣಿ ಹಿಡಿದು ಹೋದರೆ ಬ್ಯಾಂಕ್ ಬೆಳೆಸಾಲ ಕೊಡಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ ರಿಜಿಸ್ಟರ್ ಆಗಲ್ಲ. ಜಲಾಶಯದ ಮಟ್ಟವನ್ನು ಅಡಿಯ ಹತ್ತನೇ ಒಂದು ಭಾಗದವರೆಗೆ ದಿನವೂ ಬರೆದಿಡುವ ವ್ಯವಸ್ಥೆಯಲ್ಲಿ, ಅದೇ ನೀರಿಗೆ ಮನೆ ಬಿಟ್ಟವರ ಜಾಗದ ಅಳತೆ ದಶಕಗಳ ಕಾಲ ಬಾಕಿ ಉಳಿಯಿತು.