ಕೊಡಗಿನ ಕೊನೆಯ ದೊರೆ ಮತ್ತು ಒಂದು ಸಾಲಪತ್ರ

ಕಿಬ್ಬನಹಳ್ಳಿಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ ಪಾಠ ಮುಗಿದ ದಿನ ಕೇಳಿದಳು: “ಸರ್, ಪಟ್ಟ ಹೋದ ಮೇಲೆ ಆತ ನಿಜವಾಗಿ ಏನು ಮಾಡಿದ?” ನಾನು “ಲಂಡನ್ನಿಗೆ ಹೋಗಿ ತೀರಿಕೊಂಡ” ಎಂದೆ. ಇಪ್ಪತ್ತೈದು ವರ್ಷಗಳ ರಾಜ್ಯಭ್ರಷ್ಟ ಬದುಕನ್ನು ಒಂದು ವಾಕ್ಯದಲ್ಲಿ ಮುಗಿಸಿದೆನೆಂಬ ಅಳುಕು ಮನೆಗೆ ಬಂದರೂ ಬಿಡಲಿಲ್ಲ.

ಹುಡುಕತೊಡಗಿದಾಗ ಮೊದಲ ತೊಡಕಾದದ್ದು ಹೆಸರು. ಆಂಗ್ಲ ಕಡತಗಳಲ್ಲಿ ಆತನ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಬಗೆ. ಸಾಲದೆಂಬಂತೆ, 1809ರಲ್ಲಿ ತೀರಿಕೊಂಡ ದೊಡ್ಡಪ್ಪನೂ ವೀರರಾಜೇಂದ್ರನೇ. ಆದುದರಿಂದ ವ್ಯಕ್ತಿಯ ಹೆಸರನ್ನು ಬಿಟ್ಟು Ex-Rajah of Coorg ಎಂಬ ಪದವಿಯನ್ನು ಹಿಡಿದು ಹೊರಟೆ. ಆಗ ಕೈಗೆ ಸಿಕ್ಕಿದ್ದು ಚರಿತ್ರೆಯ ಪುಸ್ತಕವಲ್ಲ, ಒಂದು ನ್ಯಾಯಾಲಯದ ವರದಿ: 29 Beav 300. ಇದರಲ್ಲಿ ಮೊದಲ ಅಂಕೆ ಸಂಪುಟದ್ದು, ನಡುವಿನದು ವರದಿಕಾರ ಬೀವನ್‌ನ ಹೆಸರು, ಕೊನೆಯದು ಪುಟ.

ಕತೆ ಅಲ್ಲಿಂದ ತೆರೆದುಕೊಂಡಿತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿ ದೊರೆಯನ್ನು ವೆಲ್ಲೂರಿಗೆ, ಅನಂತರ ಕಾಶಿಗೆ ಕಳುಹಿಸಿತು. 1852ರಲ್ಲಿ ಆತ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ. ಆ ವರ್ಷದ ಜೂನ್ ತಿಂಗಳಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ಮಗಳಿಗೆ ಕ್ರೈಸ್ತ ದೀಕ್ಷೆಯಾಯಿತು. ನಮ್ಮ ನೆನಪಿನಲ್ಲಿ ಉಳಿದಿರುವುದು ಈ ದೀಕ್ಷೆ. ತಂದೆ ಹೂಡಿದ ದಾವೆಯಲ್ಲ. ಕಂಪನಿಯೇ ಬರೆದುಕೊಟ್ಟಿದ್ದ ಸಾಲಪತ್ರಗಳು ಯುದ್ಧದಲ್ಲಿ ಕಂಪನಿಯ ಕೈಸೇರಿದ್ದವು. ಅವುಗಳ ಹಣವನ್ನು ತನಗೆ ತೆರಬೇಕೆಂಬುದು ಆತನ ವಾದ. ಅರಸನಾಗಿ ಸೋತವನು ಸಾಲಿಗನನ್ನು ಹಿಡಿದು ಕೇಳುವ ಧಣಿಯಾಗಿ ನಿಂತಿದ್ದ.

ನ್ಯಾಯಾಧೀಶ ಸರ್ ಜಾನ್ ರೊಮಿಲಿ ದಾವೆಯನ್ನು ವಜಾಮಾಡಿದ. ಕಂಪನಿ ಪತ್ರಗಳನ್ನು ವಶಪಡಿಸಿಕೊಂಡದ್ದು ಸಾಲಗಾರನಾಗಿ ಅಲ್ಲ, ಯುದ್ಧ ಹೂಡಿದ ಪ್ರಭುತ್ವವಾಗಿ; ಅಂಥ ಕೃತ್ಯವನ್ನು ಸಾಮಾನ್ಯ ನ್ಯಾಯಾಲಯ ವಿಚಾರಿಸಲಾಗದು ಎಂಬುದು ತೀರ್ಪಿನ ತಿರುಳು.

ಇಲ್ಲಿ ಸಂಶೋಧಕರು ಎಡವುವ ಜಾಗವೊಂದಿದೆ. ತೀರ್ಪು 1860ರದು. ಅದನ್ನಷ್ಟೇ ಓದಿದವರು ದೊರೆ ಆಗ ಬದುಕಿದ್ದನೆಂದು ಬರೆದುಬಿಡಬಹುದು. ಆತ 1859ರಲ್ಲೇ ತೀರಿಕೊಂಡಿದ್ದ. ಸಮಾಧಿ ಲಂಡನ್ನಿನ ಕೆನ್ಸಲ್ ಗ್ರೀನ್ ರುದ್ರಭೂಮಿಯಲ್ಲಿದೆ. ದಾವೆಯ ಕಾಗದಕ್ಕೆ ದಾವೆದಾರನಿಗಿಂತ ಆಯುಸ್ಸು ಹೆಚ್ಚು. ಆದುದರಿಂದ ತೀರ್ಪಿನ ತಾರೀಖನ್ನು ಸಮಾಧಿಯ ದಾಖಲೆಯೊಡನೆ ಹೋಲಿಸಿ ನೋಡದೆ ಬದುಕಿನ ತಾರೀಖೆಂದು ಬಳಸಲಾಗದು.

ಇನ್ನೊಂದು ಮಿತಿಯನ್ನೂ ಒಪ್ಪಬೇಕು. ವರದಿಯಲ್ಲಿ ಕೇಳುವುದು ವಕೀಲರ ಮಾತು, ಕನ್ನಡ ಬಲ್ಲ ಆ ದೊರೆಯ ದನಿಯಲ್ಲ. ಕಾದಂಬರಿಯ ಕ್ರೂರಿಯನ್ನು ಅದು ನಿರ್ದೋಷಿಯನ್ನಾಗಿಸುವುದೂ ಇಲ್ಲ. ಆದರೆ ಪಟ್ಟ ಹೋದ ಮೇಲೂ ಆತ ಸುಮ್ಮನೆ ಕೂತಿರಲಿಲ್ಲ, ತನ್ನನ್ನು ಸೋಲಿಸಿದವರ ನಾಡಿಗೇ ಹೋಗಿ, ಅವರದೇ ಕಾನೂನಿನಿಂದ ಅವರ ಸಹಿಗೆ ಬೆಲೆಯೆಷ್ಟೆಂದು ಕೇಳಿದ. ಮರುವಾರ ಆ ವಿದ್ಯಾರ್ಥಿನಿಗೆ ಇಷ್ಟನ್ನು ಹೇಳಿ, ನನ್ನ ಹಿಂದಿನ ಉತ್ತರವನ್ನು ವಾಪಸು ಪಡೆದೆ.