ಕೇಳಿದ ಮಾತು, ಕಂಡ ಸಂಗತಿ: ಒಂದು ಹಳ್ಳಿಯ ಟಿಪ್ಪಣಿಗಳನ್ನು ಅಣಿಗೊಳಿಸಿದ ಬಗೆ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯೊಬ್ಬಳು ಈಗ ಸಮಾಜಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಗೆ ಸೇರಿದ ಒಂದು ಹಳ್ಳಿಯಲ್ಲಿ 40 ಮನೆಗಳನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಮೂರು ಸಲ ಸಂದರ್ಶಿಸಿದಳು. ಮನೆಯವರ ಮುಂದೆ ಪುಸ್ತಕ ತೆರೆದು ಬರೆಯತೊಡಗಿದರೆ ಅವರ ಮಾತು ಬಿಗಿಯಾಗುವುದೆಂದು, ಒಂದು ಮನೆಯಿಂದ ಹೊರಟು ಮತ್ತೊಂದನ್ನು ಸೇರುವುದರೊಳಗಾಗಿ ತಾನು ಕಂಡದ್ದನ್ನೂ ಕೇಳಿದ್ದನ್ನೂ ತನ್ನ ಮೊಬೈಲಿನಲ್ಲಿ ಮೂರು ನಾಲ್ಕು ನಿಮಿಷ ಮಾತಾಡಿ ಮುದ್ರಿಸಿಕೊಳ್ಳುತ್ತಿದ್ದಳು. ಬೇಸಿಗೆಯ ರಜೆಯಲ್ಲಿ ಅವುಗಳನ್ನೆಲ್ಲ ಹೊತ್ತುಕೊಂಡು ನನ್ನಲ್ಲಿಗೆ ಬಂದು, "ಟೀಚರ್, ಮಾತು ಬೇಕಾದಷ್ಟಿದೆ, ಯಾವ ಮನೆಯ ಸಂಗತಿ ಎಲ್ಲಿದೆಯೆಂಬುದೇ ಸಿಕ್ಕುತ್ತಿಲ್ಲ" ಎಂದಳು. ನಾವಿಬ್ಬರೂ ಕುಳಿತು ಆ ಕೆಲಸವನ್ನು ನಡೆಸಿದ ಕ್ರಮವನ್ನು ಇಲ್ಲಿ ನಿವೇದಿಸುತ್ತೇನೆ. ಮನೆಗಳ ಸಂಖ್ಯೆಯನ್ನೂ ಗುರುತನ್ನೂ ಬದಲಿಸಿದ್ದೇನೆ.

ಮೊದಲನೆಯದಾಗಿ, ಆಡಿದ ಮಾತನ್ನು ಆಡಿದಂತೆಯೇ ಬರೆದಿಳಿಸಿದೆವು. ಒಂದು ಗಂಟೆಯ ಮಾತಿಗೆ ಸುಮಾರು ನಾಲ್ಕು ಗಂಟೆಯ ಬರವಣಿಗೆ ಹಿಡಿಯುತ್ತದೆ. ಪ್ರತಿಯೊಂದರ ತಲೆಯ ಮೇಲೆ ತಾರೀಖು, ಮನೆಯ ಸಂಖ್ಯೆ, ಎಷ್ಟನೆಯ ಭೇಟಿ, ಮನೆಯಲ್ಲಿ ಮಾತಾಡಿದವರು ಯಾರು ಎಂಬ ನಾಲ್ಕು ಸಂಗತಿಗಳನ್ನು ನಮೂದಿಸಿದೆವು. ಈ ಮೂಲಪ್ರತಿಯನ್ನು ಆ ಮೇಲೆ ತಿದ್ದತಕ್ಕದ್ದಲ್ಲ. ವಿಂಗಡಿಸಿದ ಹಾಳೆಗಳ ಜತೆಯಲ್ಲಿ ಇಡತಕ್ಕದ್ದೂ ಅಲ್ಲ. ಇದಕ್ಕೆ ನಮ್ಮ ನಾಡಿನವರೇ ಆದ ಪ್ರೊಫೆಸರ್ ಎಂ. ಎನ್. ಶ್ರೀನಿವಾಸರ ದೃಷ್ಟಾಂತವುಂಟು. ಅವರು 1948ರಲ್ಲಿ ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ರಾಂಪುರವೆಂಬ ಹೆಸರಿಟ್ಟು ಟಿಪ್ಪಣಿಗಳನ್ನು ಕೂಡಿಸಿದರು. ಹಲವು ವರ್ಷಗಳ ಶ್ರಮದಿಂದ ವಿಂಗಡಿಸಿದ ಆ ಟಿಪ್ಪಣಿಗಳ ಮೂರು ಪ್ರತಿಗಳೂ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಅವರ ಕೊಠಡಿಯಲ್ಲಿದ್ದು, 1970ರ ಏಪ್ರಿಲ್ ತಿಂಗಳಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಸಿಕ್ಕಿದವು. ಮೂಲ ದಿನಚರಿಗಳು ದೆಹಲಿಯಲ್ಲಿದ್ದುದರಿಂದ ಉಳಿದುಕೊಂಡವು. ಮೂರು ಪ್ರತಿಗಳಿದ್ದರೂ ಅವು ಒಂದೇ ಕಡೆಯಲ್ಲಿದ್ದರೆ ಒಂದೇ ಪ್ರತಿಯಿದ್ದಂತೆ.

ಎರಡನೆಯದು, ಮಾತನ್ನು ತುಂಡು ಮಾಡುವ ಕೆಲಸ. ಒಂದು ತುಂಡಿನಲ್ಲಿ ಒಂದೇ ಸಂಗತಿಯಿರಬೇಕು. 17-2-4 ಎಂದರೆ ಹದಿನೇಳನೆಯ ಮನೆಯ ಎರಡನೆಯ ಭೇಟಿಯ ನಾಲ್ಕನೆಯ ತುಂಡು. ಈ ಸಂಖ್ಯೆಯನ್ನು ಹೊತ್ತ ತುಂಡು ಎಲ್ಲಿಗೆ ಹೋದರೂ ಮೂಲಕ್ಕೆ ಹಿಂದಿರುಗುವ ದಾರಿಯನ್ನು ತನ್ನೊಡನೆ ಒಯ್ಯುತ್ತದೆ. ಪ್ರತಿ ತುಂಡನ್ನೂ ಎರಡು ಕಡೆ ಬರೆದೆವು: ಒಮ್ಮೆ ಆ ಮನೆಯ ಹಾಳೆಯಲ್ಲಿ, ಮತ್ತೊಮ್ಮೆ ನೀರು, ಹೈನು, ಸಾಲ, ಹಲಸಿನ ಫಸಲು, ಹೆಣ್ಣುಮಕ್ಕಳ ಓದು ಎಂಬ ವಿಷಯಗಳ ಹಾಳೆಗಳಲ್ಲಿ ಎಲ್ಲಿಗೆ ಸಲ್ಲುವುದೋ ಅಲ್ಲಿ.

ಮನೆಯ ಹಾಳೆಗಳನ್ನು ತುಂಬುವಾಗಲೇ ಒಂದು ತೊಡಕು ಕಂಡಿತು. ಹದಿನೇಳನೆಯ ಮನೆಯವರು ಮೊದಲ ಭೇಟಿಯಲ್ಲಿ ಎರಡು ಹೊತ್ತೂ ಡೈರಿಗೆ ಹಾಲು ಹಾಕುವವರು. ಎರಡನೆಯ ಭೇಟಿಯಲ್ಲಿ ಅಂಗಡಿಯಿಂದ ಹಾಲಿನ ಪೊಟ್ಟಣ ತರಿಸುವವರು. ಹಸುವನ್ನು ಮಾರಿರಬಹುದೇ ಎಂದರೆ ಮೂರನೆಯ ಭೇಟಿಯಲ್ಲಿ ಹಸು ಕೊಟ್ಟಿಗೆಯಲ್ಲಿಯೇ ಇದೆ. ಒಂದೇ ಹಾಳೆಯೊಳಗೆ ಹೀಗೆ ಎರಡು ಸಂಗತಿಗಳು ಹೊಂದದೆ ಹೋದರೆ, ಯಾರೋ ಸುಳ್ಳಾಡಿದರೆಂದು ತಿಳಿಯುವ ಮೊದಲು ಒಲೆಗಳನ್ನು ಎಣಿಸಬೇಕು. ನಮ್ಮ ಜನಗಣತಿಯವರೂ ಒಂದೇ ಅಡಿಗೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಗಣಿಸುತ್ತಾರಲ್ಲದೆ, ಒಂದೇ ಸೂರಿನಡಿಯಲ್ಲಿರುವವರನ್ನಲ್ಲ. ವಿಚಾರಿಸಲಾಗಿ ಅಣ್ಣತಮ್ಮಂದಿರು ಒಂದೇ ಹಜಾರವನ್ನಿಟ್ಟುಕೊಂಡು ಬೇರೆಬೇರೆ ಒಲೆ ಹೂಡಿದ್ದರು. ಹಸು ಅಣ್ಣನದು, ಸಂಘದ ಸಾಲ ತಮ್ಮನದು. ಆ ಹಾಳೆಯನ್ನು 17ಅ, 17ಆ ಎಂದು ಎರಡು ಮಾಡಿ, ತುಂಡುಗಳನ್ನು ಹಂಚಿದೆವು. ಯಾವ ಒಲೆಯದೆಂದು ಗೊತ್ತಾಗದ ಎರಡು ತುಂಡುಗಳನ್ನು ಬೇರೆಯಾಗಿಯೇ ಇರಿಸಿದೆವು.

ಇನ್ನು ನಾನು ವಿಶೇಷವಾಗಿ ಹೇಳಬೇಕೆಂದಿರುವ ಸಂಗತಿ. ನಮ್ಮ ಕನ್ನಡದಲ್ಲಿ "ಅಂತೆ" ಎಂಬ ಪುಟ್ಟ ಶಬ್ದವೊಂದುಂಟು. "ಮಳೆ ಬಂತು" ಎಂದರೆ ಹೇಳುವವನೇ ಹೊಣೆ. "ಮಳೆ ಬಂತಂತೆ" ಎಂದರೆ ಹೊಣೆ ಮತ್ತೊಬ್ಬರದು. "ಬಂದಿರಬೇಕು" ಎಂದರೆ ಅದು ಊಹೆ. ವ್ಯಾಕರಣದ ಪಾಠದಲ್ಲಿ ಹುಡುಗಿಯರು ಇದನ್ನು ಲಘುವಾಗಿ ದಾಟಿಹೋಗುತ್ತಾರೆ. ಆದರೆ ಟಿಪ್ಪಣಿಯನ್ನು ಚಿಕ್ಕದು ಮಾಡುವವರ ಕೈಯಲ್ಲಿ ಮೊದಲು ಬೀಳುವ ಶಬ್ದವೂ ಇದೇ. ಆದುದರಿಂದ ಪ್ರತಿ ತುಂಡಿನ ಅಂಚಿನಲ್ಲಿಯೂ ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರರಲ್ಲೊಂದನ್ನು ಗುರುತು ಮಾಡಿ, ಕೇಳಿದ್ದಾದರೆ ಯಾರ ಬಾಯಿಂದ ಎಂಬುದನ್ನೂ ಬರೆದೆವು.

ಇದರ ಫಲವು ಹೆಣ್ಣುಮಕ್ಕಳ ಓದಿನ ಹಾಳೆಯಲ್ಲಿ ಕಂಡಿತು. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಯರು ಮೂರು ಮನೆಗಳಲ್ಲಿದ್ದರು. ಮೂರರಲ್ಲಿಯೂ ಒಂದೇ ಕಾರಣ: "ಓದಿನ ಮೇಲೆ ಇಷ್ಟ ಇಲ್ಲವಂತೆ." ವಿಷಯದ ಹಾಳೆಯನ್ನು ಮಾತ್ರ ನೋಡಿ, "ಅಂತೆ"ಯನ್ನು ಕೈಬಿಟ್ಟಿದ್ದರೆ, ಆ ಹಳ್ಳಿಯ ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂಬ ಸಿದ್ಧಾಂತವೇ ಹುಟ್ಟುತ್ತಿತ್ತು. ಅಂಚಿನ ಗುರುತನ್ನು ನೋಡಲಾಗಿ, ಹೇಳಿದವರು ಒಂದರಲ್ಲಿ ಚಿಕ್ಕಪ್ಪ, ಒಂದರಲ್ಲಿ ಅಣ್ಣ, ಒಂದರಲ್ಲಿ ನೆರೆಮನೆಯಾಕೆ. ಹುಡುಗಿಯ ಬಾಯಿಂದ ಬಂದ ಮಾತು ಒಂದೂ ಇಲ್ಲ.

ಆಗ ಸಂಖ್ಯೆಗಳನ್ನು ಹಿಡಿದು ಮನೆಯ ಹಾಳೆಗಳಿಗೆ ಹಿಂದಿರುಗಿದೆವು. ಮೊದಲನೆಯ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದ ತಿಂಗಳೂ ಹುಡುಗಿ ಶಾಲೆ ಬಿಟ್ಟ ತಿಂಗಳೂ ಒಂದೇ. ಎರಡನೆಯ ಮನೆಯ ತಾಯಿ ದೊಡ್ಡಬಳ್ಳಾಪುರದ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗಿನ ಮೊದಲ ಬಸ್ಸಿಗೆ ಹೊರಡುವವಳು. ಮನೆಯಲ್ಲಿ ಎರಡು ವರ್ಷದ ಕೂಸಿದೆ. ಈ ಸಂಗತಿಗಳು ಖಾಯಿಲೆ, ಕೂಲಿ ಎಂಬ ಬೇರೆ ವಿಷಯಗಳಡಿಯಲ್ಲಿ ಹಂಚಿಹೋಗಿದ್ದವು. ಮನೆಯ ಹಾಳೆಯೊಂದರಲ್ಲಿ ಮಾತ್ರ ಅವು ಓದಿನ ಪಕ್ಕದಲ್ಲಿ ಬಂದು ನಿಂತವು. ಮೂರನೆಯ ಮನೆಯ ಹಾಳೆಯಲ್ಲಿ ಏನೂ ಇರಲಿಲ್ಲ. ಅಲ್ಲಿ "ಕಾರಣವಿಲ್ಲ" ಎಂದು ಬರೆಯದೆ "ಕೇಳಿಲ್ಲ" ಎಂದು ಬರೆದೆವು. ಈ ಎರಡಕ್ಕೂ ಬಹಳ ಅಂತರವಿದೆ.

ಆದರೂ ಒಂದು ಮಿತಿಯನ್ನು ಮರೆಯಬಾರದು. ಅಜ್ಜಿಯ ಖಾಯಿಲೆಯೂ ಶಾಲೆ ಬಿಟ್ಟದ್ದೂ ಒಂದೇ ತಿಂಗಳಲ್ಲಿ ನಡೆದುವೆಂಬುದು ಹಾಳೆಯ ಮಾತು. ಒಂದರಿಂದ ಮತ್ತೊಂದಾಯಿತೆಂಬುದು ನಮ್ಮ ಊಹೆ. ಅದನ್ನು ಊಹೆಯೆಂದೇ ಗುರುತು ಮಾಡಿದೆವು. ವಿಂಗಡಣೆಯು ಉತ್ತರವನ್ನು ಕೊಡಲಾರದು. ಮುಂದೆ ಯಾರನ್ನು ಏನು ಕೇಳಬೇಕೆಂಬುದನ್ನು ತೋರಿಸಿಕೊಡುತ್ತದೆ.

ಜೂನ್ ತಿಂಗಳಿಗೆ ಮೊದಲು ಅವಳು ಆ ಮೂರು ಮನೆಗಳಿಗೂ ಮತ್ತೆ ಹೋಗಿ, ಹಿರಿಯರ ಅಪ್ಪಣೆ ಪಡೆದು, ಹುಡುಗಿಯರನ್ನೇ ಮಾತಾಡಿಸಿದಳು. ಅಜ್ಜಿಯ ಆರೈಕೆಗಾಗಿಯೇ ನಿಂತೆನೆಂದು ಮೊದಲನೆಯವಳು ಹೇಳಿದಳು. ಎರಡನೆಯವಳು ಕೂಸನ್ನು ಸೊಂಟದಲ್ಲಿಟ್ಟುಕೊಂಡೇ, ಶಾಲೆಗೆ ಬಾರದೆ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಲು ಮಾರ್ಗವಿದೆಯೇ ಎಂದು ಕೇಳಿದಳು. ಮೂರನೆಯವಳು ತನಗೆ ಲೆಕ್ಕ ಹತ್ತುವುದಿಲ್ಲ, ಓದು ನಿಜವಾಗಿಯೂ ಬೇಡ, ಹೊಲಿಗೆ ಕಲಿಯಬೇಕು ಎಂದಳು. ಮೂರು ಮಾತುಗಳನ್ನೂ ತುಂಡಿನ ಸಂಖ್ಯೆ ಹಾಕಿ ಎರಡೆರಡು ಹಾಳೆಗಳಲ್ಲಿ ಬರೆದೆವು. ಮೊದಲಿನ "ಇಷ್ಟ ಇಲ್ಲವಂತೆ" ಎಂಬುದನ್ನು ಹೊಡೆದುಹಾಕಲಿಲ್ಲ. ಅದು ಚಿಕ್ಕಪ್ಪ, ಅಣ್ಣ, ನೆರೆಮನೆಯಾಕೆ ಹೇಳಿದ ಮಾತಾಗಿ ತನ್ನ ಸ್ಥಳದಲ್ಲಿಯೇ ಇದೆ. ಅದರ ಕೆಳಗೆ ಹುಡುಗಿಯರ ಮಾತು ಇದೆ.